ಹಲಸಿನ ಮರ ಬಿದ್ದ ಮೇಲೆ ಮನೆ ಎಲ್ಲಿದೆ?

(ತೀರ್ಥಹಳ್ಳಿ ಸೀಮೆಯ ಒಂದು ಊರಿನ ಸಮುದಾಯ ಭವನದಲ್ಲಿ, ಮನೆ ಮನೆಯ ಅಕ್ಷಾಂಶ ರೇಖಾಂಶ ಬರೆದುಕೊಳ್ಳಲು ಹೊರಟಿದ್ದ ಸ್ವಯಂಸೇವಕರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಒಂದು ಆಷಾಢದ ರಾತ್ರಿಯಿಂದ ಶುರು ಮಾಡುತ್ತೇನೆ. ಹಳ್ಳದ ಆಚೆ ಒಂದು ಒಂಟಿ ಮನೆ, ಸುತ್ತ ಅಡಿಕೆ ತೋಟ. ಮನೆಯ ಹಿರಿಯರಿಗೆ ಊಟವಾದ ಮೇಲೆ ಎದೆ ಹಿಡಿದುಕೊಂಡಿತು. ಮಗ ಆಂಬುಲೆನ್ಸ್‌ಗೆ ಫೋನ್ ಮಾಡಿದ. ಆ ಕಡೆಯವರು ಕೇಳಿದ್ದು ತೀರ ಸಹಜವಾದ ಪ್ರಶ್ನೆ: ಯಾವ ರಸ್ತೆ, ಮನೆ ನಂಬರ್ ಎಷ್ಟು? ನಮ್ಮ ಕಡೆ ರಸ್ತೆಗೆ ಹೆಸರಿಲ್ಲ. ಪಂಚಾಯಿತಿಯ ಖಾತೆಯಲ್ಲಿ ಮನೆಗೊಂದು ನಂಬರ್ ಇದ್ದರೂ ಅದನ್ನು ಹಿಡಿದುಕೊಂಡು ಯಾರೂ ಮನೆ ಹುಡುಕಲಾರರು. ಮಗ ತನಗೆ ಗೊತ್ತಿದ್ದ ಹಾಗೆ ಹೇಳಿದ: 'ಶಾಲೆ ದಾಟಿ ಮುಂದೆ ಬನ್ನಿ, ದೊಡ್ಡ ಹಲಸಿನ ಮರ ಸಿಗುತ್ತದೆ, ಅಲ್ಲಿ ಎಡಕ್ಕೆ ಇಳಿಯಿರಿ.' ಆ ಹಲಸಿನ ಮರ ಹಿಂದಿನ ವರ್ಷದ ಗಾಳಿಗೆ ಬಿದ್ದು ಹೋಗಿತ್ತು. ಊರಿನವರ ಬಾಯಲ್ಲಿ ಅದು ಇನ್ನೂ ನಿಂತೇ ಇತ್ತು. ಹೊರಗಿನಿಂದ ಬಂದ ಚಾಲಕ ಇಲ್ಲದ ಮರವನ್ನು ಹುಡುಕುತ್ತಾ ಆ ಮಳೆಯಲ್ಲಿ ಎರಡು ಸಲ ಅದೇ ತಿರುವನ್ನು ದಾಟಿಕೊಂಡು ಹೋದರು. ಕೊನೆಗೆ ಮಗನೇ ಟಾರ್ಚ್ ಹಿಡಿದು ಡಾಂಬರು ರಸ್ತೆಗೆ ಓಡಿ ಬಂದು ನಿಂತ. ಹಿರಿಯರು ಉಳಿದರು. ಆದರೆ ಮುಕ್ಕಾಲು ಗಂಟೆ ಹೋಗಿತ್ತು, ಮತ್ತು ಆ ಮುಕ್ಕಾಲು ಗಂಟೆ ತಂದೆಯ ಪಕ್ಕದಲ್ಲಿ ಇರಬೇಕಾದವನು ರಸ್ತೆಯಲ್ಲಿದ್ದ.

ಆ ಮಗನ ಜೇಬಿನಲ್ಲಿದ್ದ ಮೊಬೈಲ್‌ಗೆ ಆ ಮನೆ ಭೂಮಿಯ ಮೇಲೆ ಎಲ್ಲಿದೆ ಎನ್ನುವುದು ಅಂಗಳದ ಅಳತೆಯಷ್ಟು ಸರಿಯಾಗಿ ಗೊತ್ತಿತ್ತು. ಅದನ್ನು ಕೇಳಿ ಪಡೆಯುವುದು ಹೇಗೆ, ಇನ್ನೊಬ್ಬರಿಗೆ ತಪ್ಪಿಲ್ಲದೆ ದಾಟಿಸುವುದು ಹೇಗೆ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಇವತ್ತಿನ ನನ್ನ ಮಾತು ಅಷ್ಟಕ್ಕೇ.

ಆ ಮನೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಮನೆಯವರ ಗುರುತು ಬಯಲಾಗದಿರಲಿ ಎಂದು ಅಂಕಿಗಳನ್ನು ಬದಲಿಸಿದ್ದೇನೆ. ಬೋರ್ಡಿನ ಮೇಲೆ ಬರೆಯುತ್ತೇನೆ, ನೀವೂ ಬರೆದುಕೊಳ್ಳಿ:

```
13.6125, 75.2400
```

ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಶಾಲೆಯಲ್ಲಿ ಗೋಳದ ಮೇಲೆ ಎಳೆದ ಗೆರೆಗಳೆಂದು ಕಲಿತು ಮರೆತಿದ್ದೇವೆ. ಆದರೆ ಈ ಎರಡು ಅಂಕಿಗಳು ನಮ್ಮ ಅನುಭವಕ್ಕೆ ಸಿಗುವಂಥವೇ. ಮಳೆ ಬಿಟ್ಟ ಮೇಲೆ ಒಂದು ರಾತ್ರಿ ಉತ್ತರಕ್ಕೆ ಮುಖ ಮಾಡಿ ನಿಂತು ಧ್ರುವ ನಕ್ಷತ್ರವನ್ನು ಹುಡುಕಿ. ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅಷ್ಟೇ ನಿಮ್ಮ ಅಕ್ಷಾಂಶ. ಕೈ ಪೂರ್ತಿ ಚಾಚಿ ಮುಷ್ಟಿ ಕಟ್ಟಿದರೆ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ನಮ್ಮಲ್ಲಿ ಧ್ರುವ ಒಂದೂವರೆ ಮುಷ್ಟಿಯಷ್ಟೂ ಮೇಲೇಳುವುದಿಲ್ಲ. ಅದಕ್ಕೇ ಎದುರಿಗೆ ಒಂದು ಗುಡ್ಡವಿದ್ದರೂ ಸಾಕು, ಕಾಣದೆ ಹೋಗುತ್ತದೆ. ಕಾಶ್ಮೀರದ ಶ್ರೀನಗರದಲ್ಲಿ ನಿಂತವರಿಗೆ ಅದೇ ನಕ್ಷತ್ರ ಮೂರು ಮುಷ್ಟಿಗೂ ಮೇಲೆ.

ರೇಖಾಂಶ ಹೊತ್ತಿನ ಲೆಕ್ಕ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ನಮ್ಮ ಕೈಗಡಿಯಾರ ತೋರಿಸುವುದು 82.5 ಡಿಗ್ರಿ ರೇಖಾಂಶದ ಸಮಯ, ಅಂದರೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ಗೆರೆಯ ಸಮಯ. ನಾವಿರುವುದು 75.24ರಲ್ಲಿ. ನಡುವಿನ ಏಳೂಕಾಲು ಡಿಗ್ರಿಗೆ ಇಪ್ಪತ್ತೊಂಬತ್ತು ನಿಮಿಷ. ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ಈ ಊರಿನ ಸೂರ್ಯ ಇನ್ನೂ ಪೂರ್ವದ ಕಡೆಗೇ ವಾಲಿರುತ್ತಾನೆ. ನಡು ನೆತ್ತಿಯ ಹೊತ್ತು ವರ್ಷದ ಸರಾಸರಿಯಲ್ಲಿ ಹನ್ನೆರಡೂವರೆ. ಕೆಲವು ತಿಂಗಳಲ್ಲಿ ಕಾಲು ಗಂಟೆ ಆಚೀಚೆ ಆಗುತ್ತದೆ. ಹೀಗೆ ನೋಡಿದರೆ ಒಂದು ಅಂಕಿ ಧ್ರುವನದು, ಇನ್ನೊಂದು ಸೂರ್ಯನದು.

ಇನ್ನು ಬಿಂದುವಿನ ಆಚೆಯ ಅಂಕಿಗಳಿಗೆ ಬರೋಣ, ನಮಗೆ ಬೇಕಾದ ವಿಷಯ ಇರುವುದು ಅಲ್ಲೇ. ನಾವು ವಿಳಾಸ ಬರೆಯುವಾಗ ಮನೆಯಿಂದ ಆರಂಭಿಸಿ ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಮೇಲಕ್ಕೆ ಹೋಗುತ್ತೇವೆ. ಈ ಅಂಕಿಗಳು ಜಿಲ್ಲೆಯಿಂದ ಮನೆಯ ಕಡೆಗೆ ಇಳಿದು ಬರುತ್ತವೆ. ಅಕ್ಷಾಂಶದ ಒಂದು ಪೂರ್ತಿ ಡಿಗ್ರಿ ನೆಲದ ಮೇಲೆ ಸುಮಾರು 110 ಕಿಲೋಮೀಟರ್, ಒಂದು ಜಿಲ್ಲೆಯಷ್ಟು ಉದ್ದ ಎನ್ನಿ. ಬಿಂದುವಾದ ಮೇಲಿನ ಮೊದಲ ಅಂಕಿ ಒಂದು ಹೆಚ್ಚು ಕಡಿಮೆಯಾದರೆ 11 ಕಿಲೋಮೀಟರ್, ಹೋಬಳಿಯೇ ಬದಲಾಯಿತು. ಎರಡನೆಯದಕ್ಕೆ 1.1 ಕಿಲೋಮೀಟರ್, ಪಕ್ಕದ ಊರು. ಮೂರನೆಯದಕ್ಕೆ 110 ಮೀಟರ್, ತೋಟದ ಈ ತುದಿಯಿಂದ ಆ ತುದಿ. ನಾಲ್ಕನೆಯದಕ್ಕೆ 11 ಮೀಟರ್, ಅಂಗಳದ ಅಗಲ. ಐದನೆಯದಕ್ಕೆ ಒಂದು ಮೀಟರ್, ಹೊಸ್ತಿಲಿನ ಈಚೆ ಆಚೆ. ನಮ್ಮ ಸೀಮೆಯಲ್ಲಿ ರೇಖಾಂಶದ ಒಂದು ಡಿಗ್ರಿ ಸ್ವಲ್ಪ ಚಿಕ್ಕದು, 108 ಕಿಲೋಮೀಟರ್. ಅದನ್ನೂ ಹೀಗೇ ಇಳಿಸಿಕೊಂಡು ಬನ್ನಿ.

ಇಷ್ಟು ಮನಸ್ಸಿನಲ್ಲಿದ್ದರೆ ಎಷ್ಟು ಅಂಕಿ ಬರೆದುಕೊಳ್ಳಬೇಕು ಎನ್ನುವುದು ತಾನಾಗಿಯೇ ತಿಳಿಯುತ್ತದೆ. ಮ್ಯಾಪ್‌ಗಳು ಕೆಲವೊಮ್ಮೆ ಬಿಂದುವಾದ ಮೇಲೆ ಆರು, ಏಳು ಅಂಕಿ ತೋರಿಸುತ್ತವೆ. ಏಳನೆಯ ಅಂಕಿ ಎಂದರೆ ಒಂದು ಸೆಂಟಿಮೀಟರ್. ಮೊಬೈಲ್‌ಗೆ ಅಷ್ಟು ಸೂಕ್ಷ್ಮವಾಗಿ ಅಳೆಯುವ ಶಕ್ತಿಯೇ ಇಲ್ಲ. ಬಯಲಿನಲ್ಲಿ, ಆಕಾಶ ಪೂರ್ತಿ ಕಾಣುವ ಕಡೆ, ಒಳ್ಳೆಯ ಮೊಬೈಲ್ ಐದು ಮೀಟರ್ ಒಳಗೆ ಹೇಳುತ್ತದೆ. ಆದ್ದರಿಂದ ನಾಲ್ಕು ಅಂಕಿ ಸಾಕು, ಐದು ಇದ್ದರೆ ಧಾರಾಳ. ಅಂಕಿ ಹೆಚ್ಚಿದಷ್ಟೂ ಫೋನಿನಲ್ಲಿ ಓದಿ ಹೇಳುವಾಗ ತಪ್ಪುವ ಅವಕಾಶವೂ ಹೆಚ್ಚುತ್ತದೆ. ನಾನಂತೂ ನಮ್ಮ ಪಟ್ಟಿಗಳಲ್ಲಿ ನಾಲ್ಕಕ್ಕೆ ನಿಲ್ಲಿಸುತ್ತೇನೆ.

ಈಗ ಅಂಕಿ ತೆಗೆಯುವ ಕೆಲಸ. ಮೊಬೈಲ್ ಇದನ್ನು ಹೇಗೆ ತಿಳಿಯುತ್ತದೆ ಎನ್ನುವುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ತಪ್ಪುಗಳ ಮೂಲ ಅಲ್ಲಿದೆ. ಮೇಲೆ ಸುತ್ತುವ ಉಪಗ್ರಹಗಳು ತಾವು ಎಲ್ಲಿದ್ದೇವೆ, ಈಗ ಹೊತ್ತು ಎಷ್ಟು ಎಂದು ಸಾರುತ್ತಲೇ ಇರುತ್ತವೆ. ಮೊಬೈಲ್ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಯಾವ ಉಪಗ್ರಹದ ಮಾತು ಎಷ್ಟು ತಡವಾಗಿ ಬಂತು ಎಂದು ಲೆಕ್ಕ ಹಾಕಿ ತನ್ನ ಜಾಗ ಕಂಡುಕೊಳ್ಳುತ್ತದೆ. ಇದಕ್ಕೆ ಕನಿಷ್ಠ ನಾಲ್ಕು ಉಪಗ್ರಹ ಬೇಕು. ಟವರ್ ಬೇಕಿಲ್ಲ, ಇಂಟರ್‌ನೆಟ್ ಬೇಕಿಲ್ಲ, ಸಿಮ್ ಕೂಡ ಬೇಕಿಲ್ಲ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಇದು ಕೆಲಸ ಮಾಡುವುದಿಲ್ಲ ಎಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಕೆಲಸ ಮಾಡುತ್ತದೆ. ನೆಟ್‌ವರ್ಕ್ ಇದ್ದಾಗ ಉಪಗ್ರಹಗಳ ಪಟ್ಟಿ ಮೊದಲೇ ಇಳಿದಿರುವುದರಿಂದ ಕೆಲವೇ ಸೆಕೆಂಡಿನಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ ನಿಧಾನವಾಗಿ ಕೇಳಿಸಿಕೊಳ್ಳಬೇಕಾದ್ದರಿಂದ ಒಂದೆರಡು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಅಷ್ಟು ಹೊತ್ತು ಮೊಬೈಲನ್ನು ಅಲುಗಿಸದೆ ಆಕಾಶದ ಕೆಳಗೆ ಹಿಡಿದಿರಬೇಕು.

ಆಕಾಶದ ಕೆಳಗೆ ಎನ್ನುವ ಮಾತನ್ನು ಮಲೆನಾಡಿನಲ್ಲಿ ಒತ್ತಿ ಹೇಳಬೇಕು. ಅಡಿಕೆ ಒಣಗಿಸಲೆಂದು ನಮ್ಮಲ್ಲಿ ಎಷ್ಟೋ ಮನೆಯವರು ಅಂಗಳಕ್ಕೆ ತಗಡಿನ ಶೀಟು ಹೊದಿಸಿದ್ದಾರೆ. ಅಂಗಳಕ್ಕೆ ಬಂದೆವಲ್ಲ ಎಂದು ಅದರ ಕೆಳಗೆ ನಿಂತರೆ ಒಳಗೆ ನಿಂತ ಹಾಗೆಯೇ. ನಾನು ಆ ಮನೆಗೆ ಹೋದಾಗ ಆದದ್ದನ್ನೇ ಹೇಳುತ್ತೇನೆ. ಜಗಲಿಯಲ್ಲಿ ಕೂತು ಮ್ಯಾಪ್ ತೆರೆದೆ. ನೀಲಿ ಚುಕ್ಕೆ ಗದ್ದೆಯ ಆಚೆ, ಗುಡ್ಡದ ನೆತ್ತಿಯ ಹತ್ತಿರ ಕೂತಿತ್ತು. ಮನೆಯಿಂದ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ದೂರ. ಉಪಗ್ರಹದ ಮಾತು ಕೇಳಿಸದೆ ಮೊಬೈಲ್ ಟವರಿನ ಆಧಾರದ ಮೇಲೆ ಅಂದಾಜು ಮಾಡಿತ್ತು. ಇದನ್ನು ಗುರುತಿಸುವುದು ಸುಲಭ. ನೀಲಿ ಚುಕ್ಕೆಯ ಸುತ್ತ ತೆಳು ನೀಲಿಯ ಒಂದು ವೃತ್ತ ಕಾಣುತ್ತದೆ. 'ನಾನು ಈ ವೃತ್ತದೊಳಗೆ ಎಲ್ಲೋ ಇದ್ದೇನೆ' ಎನ್ನುವುದು ಅದರ ಅರ್ಥ. ಆಗ ಆ ವೃತ್ತ ಇಡೀ ಊರನ್ನೇ ಮುಚ್ಚಿತ್ತು. ಎದ್ದು ಶೀಟು ದಾಟಿ, ತೋಟವನ್ನೂ ಬಿಟ್ಟು, ದನದ ಕೊಟ್ಟಿಗೆಯ ಪಕ್ಕದ ಬಯಲಿಗೆ ಹೋಗಿ ನಿಂತೆ. ಚುಕ್ಕೆ ಒಮ್ಮೆ ಜಿಗಿಯಿತು, ವೃತ್ತ ಕುಗ್ಗುತ್ತಾ ಬಂತು, ಒಂದು ನಿಮಿಷದಲ್ಲಿ ಚುಕ್ಕೆಯಷ್ಟೇ ಆಯಿತು. ಆಮೇಲೆ ಬರೆದುಕೊಂಡೆ. ಸಂಜೆ ಹೊರಡುವಾಗ ಮತ್ತೊಮ್ಮೆ ತೆಗೆದೆ: 13.6124. ಕೊನೆಯ ಅಂಕಿಯಲ್ಲಿ ಒಂದು ವ್ಯತ್ಯಾಸ, ಹನ್ನೊಂದು ಮೀಟರ್. ಎರಡು ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಅಂಕಿಗಳು ಇಷ್ಟು ಹತ್ತಿರ ಬಂದರೆ ನಂಬಬಹುದು. ಮೂರನೆಯ ಅಂಕಿಯೇ ಬದಲಾಗುತ್ತಿದ್ದರೆ ಜಾಗ ಬದಲಿಸಿ ಮತ್ತೆ ನೋಡಿ. ಕಡಿದಾದ ಕಣಿವೆಯಲ್ಲಿ ಗುಡ್ಡವೇ ಅರ್ಧ ಆಕಾಶವನ್ನು ಮುಚ್ಚಿರುತ್ತದೆ. ಅಂಥಲ್ಲಿ ಮೂರು ಸಲ ತೆಗೆದು ಒಂದಕ್ಕೊಂದು ಹೊಂದುವ ಎರಡನ್ನು ಇಟ್ಟುಕೊಳ್ಳಿ.

ಮೊಬೈಲಿನಲ್ಲಿ ಅಂಕಿ ಕಾಣಬೇಕಾದರೆ ಮ್ಯಾಪ್‌ನಲ್ಲಿ ನೀಲಿ ಚುಕ್ಕೆಯ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಒಂದು ಗುರುತು ಬೀಳುತ್ತದೆ, ಹುಡುಕುವ ಪಟ್ಟಿಯಲ್ಲೋ ಕೆಳಗಿನ ವಿವರದಲ್ಲೋ ಎರಡು ಅಂಕಿಗಳು ಮೂಡುತ್ತವೆ. ಬೆರಳು ದಪ್ಪ, ಪರದೆ ಚಿಕ್ಕದು, ಆದ್ದರಿಂದ ಮೊದಲು ಚಿತ್ರವನ್ನು ಪೂರ್ತಿ ಹಿಗ್ಗಿಸಿಕೊಳ್ಳಿ. ಹಿಗ್ಗಿಸದೆ ಒತ್ತಿದರೆ ಬೆರಳು ಬೀಳುವ ಜಾಗ ಪಕ್ಕದ ತೋಟವಾದೀತು.

ಈಗ ನಾನು ಅತ್ಯಂತ ಹೆಚ್ಚು ಕಂಡಿರುವ, ಅತ್ಯಂತ ಅಪಾಯದ ತಪ್ಪಿಗೆ ಬರುತ್ತೇನೆ. ಇದೇ ಜಾಗವನ್ನು ಕೆಲವು ಮೊಬೈಲಿನ ದಿಕ್ಸೂಚಿಯಲ್ಲಿ ನೋಡಿದರೆ ಹೀಗೆ ಬರುತ್ತದೆ:

```
13°36'45" N  75°14'24" E
```

ಇದು ಡಿಗ್ರಿ, ನಿಮಿಷ, ಸೆಕೆಂಡ್‌ಗಳ ಲೆಕ್ಕ. ಗಡಿಯಾರದ ಹಾಗೆ ಡಿಗ್ರಿಗೆ 60 ನಿಮಿಷ, ನಿಮಿಷಕ್ಕೆ 60 ಸೆಕೆಂಡ್. ಎರಡೂ ಬರಹ ಸರಿ, ಎರಡೂ ಹೇಳುವುದು ಅದೇ ಮನೆಯನ್ನು. 36 ನಿಮಿಷವನ್ನು 60ರಿಂದ ಭಾಗಿಸಿದರೆ 0.6. 45 ಸೆಕೆಂಡನ್ನು 3600ರಿಂದ ಭಾಗಿಸಿದರೆ 0.0125. ಕೂಡಿದರೆ 13.6125. ಹಾಗೆಯೇ 75°14'24" ಎನ್ನುವುದು 75.24 ಆಗುತ್ತದೆ. ಆದರೆ ಫೋನಿನಲ್ಲಿ 'ಹದಿಮೂರು, ಮೂವತ್ತಾರು, ನಲವತ್ತೈದು' ಎಂದು ಕೇಳಿಸಿಕೊಂಡವರು ಏನು ಮಾಡುತ್ತಾರೆ? ನಡುವೆ ಒಂದು ಬಿಂದು ಹಾಕಿ 13.3645 ಎಂದು ಬರೆದುಕೊಳ್ಳುತ್ತಾರೆ. ಇನ್ನೊಂದನ್ನು 75.1424 ಎಂದು. ಮ್ಯಾಪ್ ಇದನ್ನು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ, ಒಂದು ಗುರುತನ್ನೂ ಹಾಕುತ್ತದೆ. ಅದು ಬೀಳುವುದು ಶೃಂಗೇರಿಯ ನೈಋತ್ಯದ ಘಟ್ಟದ ಕಡೆ, ನಮ್ಮ ಮನೆಯಿಂದ ನೇರ ಗೆರೆಯಲ್ಲೇ 29 ಕಿಲೋಮೀಟರ್ ದೂರ. ನಮ್ಮದರ ಹಾಗೆ ಅದೂ ಮಲೆನಾಡು, ಅಲ್ಲೂ ಕಾಡು ಗುಡ್ಡ. ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ಸಮುದ್ರದ ನಡುವೆ ಬಿದ್ದಿದ್ದರೆ ಯಾರಾದರೂ ಎಚ್ಚರಗೊಳ್ಳುತ್ತಿದ್ದರು.

ಇದನ್ನು ಹಿಡಿಯುವ ಒಂದು ಉಪಾಯವಿದೆ. ನಿಮಿಷವೂ ಸೆಕೆಂಡೂ 59 ದಾಟುವುದಿಲ್ಲ. ಯಾರಾದರೂ ಅಂಕಿ ಹೇಳಿದಾಗ ಬಿಂದುವಾದ ಮೇಲಿನವನ್ನು ಎರಡೆರಡಾಗಿ ಒಡೆದು ನೋಡಿ. ಯಾವುದಾದರೂ ಜೋಡಿ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ನಮ್ಮ 13.6125ರ 61ರ ಹಾಗೆ, ಅದು ಖಂಡಿತ ದಶಮಾಂಶದ ಲೆಕ್ಕ. ಎಲ್ಲ ಜೋಡಿಗಳೂ 59ರ ಒಳಗೇ ಇದ್ದರೆ ಎರಡರಲ್ಲಿ ಯಾವುದೂ ಆಗಿರಬಹುದು. ಆಗ ಕೇಳಲೇಬೇಕು: ನಿಮ್ಮ ಪರದೆಯ ಮೇಲೆ ಬಿಂದು ಇದೆಯೋ, ಅಂಕಿಯ ತಲೆಯ ಮೇಲೆ ಸಣ್ಣ ಗೀರುಗಳಿವೆಯೋ? ನಮ್ಮ ಪಟ್ಟಿಗೆ ಒಂದೇ ಕ್ರಮ ಇರಲಿ. ಎಲ್ಲರೂ ದಶಮಾಂಶದಲ್ಲೇ ಬರೆಯಿರಿ, ಬಿಂದು ಒಂದೇ ಇರಲಿ.

ಎರಡನೆಯ ತಪ್ಪು ಅಷ್ಟು ಭಯದ್ದಲ್ಲ, ಏಕೆಂದರೆ ಅದು ತಾನಾಗಿಯೇ ಸಿಕ್ಕಿಬೀಳುತ್ತದೆ. ಅಕ್ಷಾಂಶ ರೇಖಾಂಶ ಅದಲುಬದಲಾಗುವುದು. 75 ಮೊದಲು, 13 ಆಮೇಲೆ ಹೇಳಿದರೆ ಗುರುತು ಹೋಗಿ ಬೀಳುವುದು ನಾರ್ವೆಗೂ ಉತ್ತರದಲ್ಲಿ, ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರದ ತಣ್ಣನೆಯ ಕಡಲಿಗೆ. ಕರ್ನಾಟಕದ ಯಾವ ಮೂಲೆಯಲ್ಲಿ ನಿಂತರೂ ಅಕ್ಷಾಂಶ 11 ರಿಂದ 18ರ ಒಳಗಿನ ಅಂಕಿಯಿಂದ ಶುರುವಾಗುತ್ತದೆ, ರೇಖಾಂಶ 74 ರಿಂದ 78ರ ಒಳಗಿನದರಿಂದ. ಎರಡೂ ಒಂದಕ್ಕೊಂದು ಸೇರುವುದೇ ಇಲ್ಲ. ಚಿಕ್ಕದು ಮೊದಲು, ದೊಡ್ಡದು ಆಮೇಲೆ ಎಂದು ನೆನಪಿಟ್ಟರೆ ನಮ್ಮ ರಾಜ್ಯದಲ್ಲಿ ಎಡವುವುದಿಲ್ಲ.

ಮೂರನೆಯದು ಕಿವಿಯ ತಪ್ಪು, ನಮ್ಮ ಭಾಷೆಗೆ ಸೇರಿದ್ದು. ನೆಟ್‌ವರ್ಕ್ ಒಂದೇ ಕಡ್ಡಿ ಇರುವಾಗ, ಹೊರಗೆ ಮಳೆ ಹೊಯ್ಯುತ್ತಿರುವಾಗ 'ಆರು' ಎಂದದ್ದು 'ಮೂರು' ಎಂದು ಕೇಳಿಸುತ್ತದೆ. ನಮ್ಮ ಅಂಕಿಯಲ್ಲೇ ನೋಡಿ: ಬಿಂದುವಾದ ಮೇಲಿನ ಮೊದಲ ಅಂಕಿ ಆರು. ಅದು ಮೂರಾದರೆ 33 ಕಿಲೋಮೀಟರ್ ತಪ್ಪಿತು. ಇದಕ್ಕೆ ನಮ್ಮ ಗುಂಪಿನಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇವೆ. ಅಂಕಿಯನ್ನು ಒಂದೊಂದಾಗಿ ಬಿಡಿಸಿ ಹೇಳುವುದು, 'ಅರವತ್ತೊಂದು ಇಪ್ಪತ್ತೈದು' ಎಂದು ಕೂಡಿಸಿ ಹೇಳದಿರುವುದು. ಆರು ಬಂದಾಗ 'ಐದಾದ ಮೇಲಿನ ಆರು' ಎನ್ನುವುದು, ಮೂರು ಬಂದಾಗ 'ಎರಡಾದ ಮೇಲಿನ ಮೂರು' ಎನ್ನುವುದು. ಕೇಳಿಸಿಕೊಂಡವರು ಪೂರ್ತಿ ತಿರುಗಿ ಓದಿ ಹೇಳುವ ತನಕ ಫೋನ್ ಇಡದಿರುವುದು. ಇನ್ನು ಸೊನ್ನೆಯ ಕಥೆ ಬೇರೆ. ಮೂಡುಬಿದಿರೆ ಕಡೆಯ ಒಂದು ಅಂಕಿ 13.0612 ಎಂದಿಟ್ಟುಕೊಳ್ಳಿ. ಅವಸರದಲ್ಲಿ 'ಹದಿಮೂರು ಪಾಯಿಂಟ್ ಆರು ಒಂದು ಎರಡು' ಎಂದು ಸೊನ್ನೆಯನ್ನು ನುಂಗಿದರೆ 61 ಕಿಲೋಮೀಟರ್ ಉತ್ತರಕ್ಕೆ, ನಮ್ಮ ಈ ಊರಿನ ಸಮಕ್ಕೇ ಬಂದುಬಿಡುತ್ತದೆ. ಅಂಕಿ ನಾಲ್ಕೇ ಇರಬೇಕು ಎಂಬ ನಿಯಮ ಇಲ್ಲಿ ಕಾಪಾಡುತ್ತದೆ. ಕೇಳಿಸಿಕೊಂಡವರ ಕೈಯಲ್ಲಿ ಮೂರೇ ಇದ್ದರೆ ಒಂದು ಎಲ್ಲೋ ಬಿದ್ದುಹೋಗಿದೆ ಎಂದು ಕೂಡಲೇ ಗೊತ್ತಾಗುತ್ತದೆ. ಅದಕ್ಕೇ ನಾನು ಬೋರ್ಡಿನ ಮೇಲೆ 75.24 ಎಂದು ನಿಲ್ಲಿಸದೆ 75.2400 ಎಂದು ಬರೆದದ್ದು.

ಸಾಧ್ಯವಿದ್ದರೆ ಬಾಯಿಂದ ಹೇಳುವುದಕ್ಕಿಂತ ಎಸ್‌ಎಂಎಸ್ ಕಳಿಸುವುದು ಮೇಲು. ಮಾತು ತುಂಡಾಗುವಷ್ಟು ದುರ್ಬಲ ಸಿಗ್ನಲ್‌ನಲ್ಲೂ ಆ ಚಿಕ್ಕ ಸಂದೇಶ ಎಷ್ಟೋ ಸಲ ದಾಟಿ ಹೋಗುತ್ತದೆ. ಮ್ಯಾಪಿನ ಕೊಂಡಿ ಕಳಿಸಿದರೆ ತೆರೆಯಲು ಇಂಟರ್‌ನೆಟ್ ಬೇಕು. ಅಂಕಿಗೆ ಅದೂ ಬೇಡ, ಕಾಗದದ ಮೇಲೂ ಬರೆದುಕೊಳ್ಳಬಹುದು.

ಸರ್ವೆ ನಂಬರ್ ಹೇಳಿದರೆ ಆಗದೇ ಎಂದು ಹೋದ ಊರಲ್ಲೆಲ್ಲ ಕೇಳುತ್ತಾರೆ. ಸರ್ವೆ ನಂಬರ್ ಜಮೀನಿನದು, ಎಷ್ಟೋ ಎಕರೆ ಹರಡಿರುತ್ತದೆ, ಮನೆ ಅದರ ಯಾವ ಮೂಲೆಯಲ್ಲಿದೆ ಎಂದು ಹೇಳುವುದಿಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದಲ್ಲ, ಅದು ಕೂಡ ಒಳಗೆ ಇದೇ ಅಕ್ಷಾಂಶ ರೇಖಾಂಶವನ್ನು ಹಿಡಿದುಕೊಂಡೇ ಹುಡುಕುವುದು. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಕೂಡ ಹಾಗೆಯೇ. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಒಡೆದು ಪ್ರತಿ ಚೌಕಕ್ಕೂ ಹತ್ತು ಅಕ್ಷರ-ಅಂಕಿಗಳ ಒಂದು ಗುರುತು ಕೊಟ್ಟಿದ್ದಾರೆ. ಅಕ್ಷಾಂಶ ರೇಖಾಂಶಕ್ಕೆ ಹಾಕಿದ ಇನ್ನೊಂದು ಅಂಗಿ ಅದು. ಚಿಕ್ಕದು, ಚೊಕ್ಕದು, ಬರೆದಿಟ್ಟುಕೊಳ್ಳಿ. ಆದರೆ ಜಗಲಿಯಲ್ಲಿ ಕೂತು ತೆಗೆದರೆ ಅದೂ ಗುಡ್ಡದ ನೆತ್ತಿಯದ್ದೇ ಬರುತ್ತದೆ.

ಇಲ್ಲಿಯ ತನಕ ಹೇಳಿದ್ದೆಲ್ಲ ಸರಿಯಾಗಿ ಮಾಡಿದಿರಿ ಎಂದುಕೊಳ್ಳೋಣ. ಅಂಗಳದ ಅಂಕಿ ಹತ್ತು ಮೀಟರ್ ತಪ್ಪಿಲ್ಲದೆ ಚಾಲಕರ ಕೈ ಸೇರಿತು. ಆದರೂ ಗಾಡಿ ಬರಲಿಲ್ಲ. ನಾವು ಆ ಮನೆಗೆ ಒಂದು ಪರೀಕ್ಷೆ ಮಾಡಿದಾಗ ಹೀಗೇ ಆಯಿತು. ನಾನು ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಊರು ಕಾಣದ ಒಬ್ಬ ಗೆಳೆಯನಿಗೆ ಅಂಗಳದ ಅಂಕಿಯನ್ನು ಮಾತ್ರ ಕಳಿಸಿ, ತೀರ್ಥಹಳ್ಳಿಯಿಂದ ಕಾರಿನಲ್ಲಿ ಬಾ ಎಂದೆವು. ಅರ್ಧ ಗಂಟೆಯಾದ ಮೇಲೆ ಫೋನ್ ಮಾಡಿದ: 'ಬಂದಿದ್ದೇನೆ, ಮನೆ ಕಾಣುತ್ತಿದೆ, ದಾರಿ ಇಲ್ಲ.' ಹೊರಗೆ ಬಂದು ನೋಡಿದರೆ ಅವನ ಕಾರು ಹಳ್ಳದ ಆಚೆ ದಡದ ರಸ್ತೆಯಲ್ಲಿ ನಿಂತಿದೆ. ಮನೆಯಿಂದ ನೇರ ಗೆರೆಯಲ್ಲಿ ನೂರಾ ಅರವತ್ತು ಮೀಟರ್. ನಡುವೆ ಹಳ್ಳ, ಹಳ್ಳದ ಮೇಲೆ ಒಂದು ಸಂಕ, ಎರಡು ಅಡಿಕೆ ಮರದ ದಬ್ಬೆಗಳನ್ನು ಬಿಗಿದು ಮಾಡಿದ್ದು. ಮ್ಯಾಪಿಗೆ ಆ ಮನೆಯ ಮಣ್ಣು ರಸ್ತೆ ಗೊತ್ತೇ ಇಲ್ಲ. ಗುರುತಿಗೆ ಅತ್ಯಂತ ಹತ್ತಿರದ, ತನಗೆ ಗೊತ್ತಿರುವ ರಸ್ತೆ ಯಾವುದೋ ಅಲ್ಲಿಗೆ ಒಯ್ದು 'ತಲುಪಿದಿರಿ' ಎಂದಿದೆ. ಗಾಡಿ ಮನೆಗೆ ಬರುವ ನಿಜವಾದ ದಾರಿ ಇನ್ನೊಂದು ಕಡೆಯದು. ಡಾಂಬರು ರಸ್ತೆ ಬಿಟ್ಟು ಎಡಕ್ಕೆ ಇಳಿದು, ಉಣುಗೋಲು ಸರಿಸಿ, ದರೆಯ ಅಂಚಿನಲ್ಲಿ ಬರಬೇಕು. ಅವನು ಸುತ್ತಿಕೊಂಡು ಅಲ್ಲಿಗೆ ಬರಲು ಮತ್ತೆ ಏಳು ಕಿಲೋಮೀಟರ್ ಓಡಿಸಿದ.

ಅಕ್ಷಾಂಶ ರೇಖಾಂಶ ಮನೆ ಎಲ್ಲಿದೆ ಎಂದು ಹೇಳುತ್ತದೆ, ಅಲ್ಲಿಗೆ ಹೋಗುವುದು ಹೇಗೆ ಎಂದು ಹೇಳುವುದಿಲ್ಲ. ಅದನ್ನು ಅಂದು ಹಳ್ಳದ ಈ ದಡದಲ್ಲಿ ನಿಂತು ನಾನು ಕಲಿತೆ. ಅಂದಿನಿಂದ ನಾವು ಪ್ರತಿ ಮನೆಗೂ ಎರಡು ಜಾಗದ ಅಂಕಿ ತೆಗೆಯುತ್ತೇವೆ. ಒಂದು ಅಂಗಳದ್ದು. ಇನ್ನೊಂದು ತಿರುವಿನದು, ಅಂದರೆ ಗಾಡಿ ಮ್ಯಾಪಿಗೆ ಗೊತ್ತಿರುವ ರಸ್ತೆಯನ್ನು ಬಿಟ್ಟು ಮನೆಯ ದಾರಿಗೆ ಇಳಿಯುವ ಜಾಗದ್ದು. ಆ ಬಿದ್ದ ಹಲಸಿನ ಮರದ ಬುಡದಲ್ಲಿ ನಿಂತು ನಾನೇ ತೆಗೆದೆ:

```
TIRUVU 13.6187, 75.2352
MANE   13.6125, 75.2400
```

ಲೆಕ್ಕ ಹಾಕಿ ನೋಡಿ. ಅಕ್ಷಾಂಶದಲ್ಲಿ 0.0062 ವ್ಯತ್ಯಾಸ, ಸುಮಾರು 690 ಮೀಟರ್. ರೇಖಾಂಶದಲ್ಲಿ 0.0048, ಸುಮಾರು 520 ಮೀಟರ್. ನೇರ ಗೆರೆಯಲ್ಲಿ ಎಂಟುನೂರ ಅರವತ್ತು ಮೀಟರ್ ಆಗುತ್ತದೆ, ಮಣ್ಣು ರಸ್ತೆ ಬಳಸಿ ಬರುವುದರಿಂದ ಗಾಡಿಗೆ ಒಂದು ಕಿಲೋಮೀಟರಿಗೂ ಮೇಲೆ. ಆಂಬುಲೆನ್ಸ್‌ನವರಿಗೆ ಮೊದಲು ಹೇಳಬೇಕಾದದ್ದು ತಿರುವಿನ ಅಂಕಿಯನ್ನು. ಅಲ್ಲಿಗೆ ಅವರು ಯಾರನ್ನೂ ಕೇಳದೆ ಬರುತ್ತಾರೆ. ಅಲ್ಲಿಂದ ಮುಂದೆ ದಾರಿ ಒಂದೇ ಆದ್ದರಿಂದ 'ಎಡಕ್ಕೆ ಇಳಿದು ಕೊನೆಯ ತನಕ ಬನ್ನಿ' ಎಂಬ ಒಂದು ಮಾತು ಸಾಕು. ಅಂಗಳದ ಅಂಕಿ ಬೇಕಾಗುವುದು ಅವರು ದಾರಿ ತಪ್ಪಿಲ್ಲ ತಾನೇ ಎಂದು ನೋಡಿಕೊಳ್ಳಲು.

ನಾಳೆ ನೀವು ಎರಡೆರಡು ಜನ ಹೋಗಿ. ಒಬ್ಬರೇ ಹೋದರೆ ಬರೆದುಕೊಳ್ಳುವಾಗ ಆದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಒಬ್ಬರು ತಮ್ಮ ಮೊಬೈಲಿನಿಂದ ಅಂಕಿ ಓದಲಿ. ಇನ್ನೊಬ್ಬರು ಬರೆದುಕೊಂಡು, ಬರೆದದ್ದನ್ನು ತಮ್ಮ ಮೊಬೈಲಿಗೆ ಹಾಕಿ ನೋಡಲಿ. ಗುರುತು ನಿಮ್ಮ ಕಾಲ ಕೆಳಗೆ ಬಿದ್ದರೆ ಮುಂದಿನ ಮನೆಗೆ ನಡೆಯಿರಿ. ಮನೆಯವರನ್ನು ಕೇಳಿಯೇ ತೆಗೆಯಿರಿ. ಒಂಟಿ ಮನೆಯ ಜಾಗ ಎಲ್ಲರ ಕೈಗೂ ಸಿಗುವ ಪಟ್ಟಿಯಾಗಬಾರದು. ಪಟ್ಟಿ ಆಶಾ ಕಾರ್ಯಕರ್ತೆಯ ಬಳಿ ಒಂದು, ನಮ್ಮ ಬಳಿ ಒಂದು ಇದ್ದರೆ ಸಾಕು.

ಮನೆಯಲ್ಲಿ ಒಂದು ಚೀಟಿ ಅಂಟಿಸಬೇಕು. ಎಲ್ಲಿ ಎಂದು ಬಹಳ ಚರ್ಚೆ ಮಾಡಿದ್ದೇವೆ. ಮೊಬೈಲಿನಲ್ಲಿ ಉಳಿಸಿದರೆ ಆ ಮೊಬೈಲ್ ಇಟ್ಟುಕೊಂಡವರು ಪೇಟೆಗೆ ಹೋಗಿರುತ್ತಾರೆ. ಮನೆಯಲ್ಲಿ ಉಳಿದ ಅಜ್ಜಿಗೋ ಮಗುವಿಗೋ ಓದಲು ಸಿಗಬೇಕು. ಕರೆಂಟ್ ಹೋದಾಗಲೂ ಟಾರ್ಚ್ ಬಿಟ್ಟು ಹುಡುಕಿದರೆ ಕಾಣಬೇಕು. ಕೊನೆಗೆ ಜಗಲಿಯ ಮೀಟರ್ ಹಲಗೆಯ ಪಕ್ಕ ಎಂದು ತೀರ್ಮಾನವಾಯಿತು. ಅದು ಎಲ್ಲಿದೆ ಎಂದು ಮನೆಯ ಪ್ರತಿಯೊಬ್ಬರಿಗೂ ಗೊತ್ತು. ಅಂಕಿಗಳನ್ನು ಹೆಬ್ಬೆರಳಿನಷ್ಟು ದಪ್ಪಕ್ಕೆ ಬರೆಯಿರಿ. ಕೆಳಗೆ ಅದೇ ಅಂಕಿಗಳನ್ನು ಕನ್ನಡದ ಮಾತಿನಲ್ಲಿ ಬರೆಯಿರಿ: 'ಒಂದು ಮೂರು, ಬಿಂದು, ಆರು ಒಂದು ಎಂಟು ಏಳು'. ಗಾಬರಿಯಲ್ಲಿ ಇರುವವರು ಅಂಕಿಗಿಂತ ಮಾತನ್ನು ನಿರಾಯಾಸವಾಗಿ ಓದುತ್ತಾರೆ. ಇದನ್ನು ನಾವು ಹಲವು ಮನೆಗಳಲ್ಲಿ ಓದಿಸಿ ನೋಡಿದ್ದೇವೆ.

ಈಗ ಹಿಂದೆ ಕೂತಿದ್ದ ಅಮ್ಮ ಒಬ್ಬರು ಕೇಳಿದರು, ಮಳೆಗಾಲದಲ್ಲಿ ನಮ್ಮ ಮಣ್ಣು ರಸ್ತೆ ಕುಸಿದು ಜೀಪೂ ಬರುವುದಿಲ್ಲ, ಆಗ ಏನು ಮಾಡುವುದು ಎಂದು. ಅಂಥ ಮನೆಗಳು ಇಲ್ಲಿ ಕಡಿಮೆಯೇನಿಲ್ಲ. ಅವರಿಗೆ ಚೀಟಿಯಲ್ಲಿ ಮೂರನೆಯ ಸಾಲು ಬೇಕು. ರಸ್ತೆ ಹೋದಾಗ ರೋಗಿಯನ್ನು ನೀವು ಕಂಬಳಿ ಕಟ್ಟಿಯೋ ಕುರ್ಚಿಯಲ್ಲಿ ಕೂರಿಸಿಯೋ ಎಲ್ಲಿಯ ತನಕ ಹೊತ್ತು ತರುತ್ತೀರಿ? ಆ ಜಾಗಕ್ಕೆ ಹೋಗಿ ನಿಂತು ಅದರ ಅಂಕಿ ತೆಗೆಯಿರಿ. 'ಮಳೆಗಾಲದ ಜಾಗ' ಎಂದು ಬರೆದು, ಜೂನ್ ತಿಂಗಳು ಬಂದ ಕೂಡಲೇ ಆ ಸಾಲನ್ನು ಮೇಲಕ್ಕೆ ಅಂಟಿಸಿ. ಅಮ್ಮ, ನಿಮ್ಮ ಮನೆಯದನ್ನು ನಾಳೆ ಬೆಳಿಗ್ಗೆ ನಾನೇ ಬಂದು ತೆಗೆದುಕೊಡುತ್ತೇನೆ. ದಾರಿ ಹೇಗೆಂದು ಮಾತ್ರ ಈಗ ಹೇಳಬೇಡಿ, ತಿರುವಿನಲ್ಲಿ ನಿಂತು ಫೋನ್ ಮಾಡಿ ಅಂಕಿ ಓದಿ, ನಾನು ಅದನ್ನೇ ಹಿಡಿದು ಬರುತ್ತೇನೆ.